ನಲವತ್ತೆರಡನೆಯ ಆಟಗಾರ

ಆ ಭಾನುವಾರ ನಾನು ಕೇಶ್ವಾಪುರಕ್ಕೆ ಹೋದದ್ದು ಚೆಸ್ ಆಡಲಿಕ್ಕಲ್ಲ, ವೈನಿಯವರನ್ನು ಸ್ಕೂಟರಿನ ಮೇಲೆ ಬಿಟ್ಟು ಬರಲಿಕ್ಕೆ. ಬಿಟ್ಟವನು ಸೀದಾ ಮನೆಗೆ ತಿರುಗಬೇಕಿತ್ತು. ಆದರೆ ಆಟ ನಡೆಯಲಿದ್ದ ಸಮುದಾಯ ಭವನದ ಕೆಳಗೆ ಗಿರ್ಮಿಟ್ಟಿನವನೊಬ್ಬ ಆಗಷ್ಟೇ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದ. ನಾನೂ ಮನುಷ್ಯ. ಒಂದು ಪ್ಲೇಟ್ ತಿಂದು ಹೋದರಾಯಿತು ಅಂತ ನಿಂತೆ. ಅಲ್ಲಿಗೆ ನನ್ನ ಭಾನುವಾರ ಮುಗಿಯಿತು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಾನು ಇನ್ನೂ ಚಡ್ಡಿ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಹಾಗಾಗಿ ನನ್ನ ತಲೆಗೂದಲು ಅರ್ಧ ಬೆಳ್ಳಗಾದರೂ ಅವರಿಗೆ ನಾನು ‘ತಮ್ಮಾ’ನೇ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಣ್ಣ ಮತ್ತು ನಾನು ಹತ್ತಿ, ಶೇಂಗಾ ದಲಾಲಿ ಮಾಡುವವರು. ನಮ್ಮ ಮನೆತನದಲ್ಲಿ ಆಟ ಅಂದರೆ ಹಬ್ಬಕ್ಕೆ ಎರಡು ಕೈ ಇಸ್ಪೀಟು, ಅಷ್ಟೇ. ವೈನಿ ಮಾತ್ರ ತವರಿನಿಂದ ಪಾತ್ರೆ ಪಗಡಗಳ ಜೊತೆ ಒಂದು ಚೆಸ್ ಬೋರ್ಡನ್ನೂ ತಂದಿದ್ದರು. ಅವರ ಅಪ್ಪ ಕಲಿಸಿದ ಆಟ. ಮಕ್ಕಳು ದೊಡ್ಡವರಾಗುವ ತನಕ ಅದು ಅಟ್ಟದ ಮೇಲಿತ್ತು. ಆಮೇಲೆ ಒಂದು ದಿನ ಇಳಿಸಿ ಒರೆಸಿದರು. ಮಧ್ಯಾಹ್ನ ಮನೆ ತಣ್ಣಗಾದ ಮೇಲೆ ಮೊಬೈಲಿನಲ್ಲಿ ಎಲ್ಲೆಲ್ಲಿಯವರ ಜೊತೆಗೋ ಆಡತೊಡಗಿದರು. ನೋಡನೋಡುತ್ತ ಟೂರ್ನಮೆಂಟುಗಳಿಗೆ ಹೋಗಿ ರೇಟಿಂಗನ್ನೂ ಗಳಿಸಿದರು. ರೇಟಿಂಗ್ ಅಂದರೆ ಆಟಗಾರನ ತೂಕ ಹೇಳುವ ಒಂದು ಸಂಖ್ಯೆ. ನಾವು ಹತ್ತಿಗೆ ದರ್ಜೆ ಹಾಕುತ್ತೇವಲ್ಲ, ಹಾಗೆ.

ಜಿಲ್ಲೆಯ ಆಯ್ಕೆ ಟೂರ್ನಮೆಂಟಿನಲ್ಲಿ ಮೊದಲ ನಾಲ್ಕು ಜನ ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಹೋದ ವರ್ಷ ವೈನಿ ಐದನೆಯವರಾದರು. ಅದೂ ಹೇಗೆ? ನಾಲ್ಕನೆಯವರಷ್ಟೇ ಅಂಕ ಗಳಿಸಿ! ಅಂಕ ಸಮ ಬಂದಾಗ ಅವರವರು ಆಡಿದ ಎದುರಾಳಿಗಳು ಎಷ್ಟೆಷ್ಟು ಅಂಕ ಮಾಡಿದ್ದಾರೆ ಅಂತ ಕೂಡಿಸಿ ನೋಡುತ್ತಾರಂತೆ. ವೈನಿ ಮೊದಲ ಸುತ್ತಿನಲ್ಲಿ ಸೋಲಿಸಿದ್ದ ಪುಣ್ಯಾತ್ಮ ಆಮೇಲೂ ಎಲ್ಲ ಆಟ ಸೋತಿದ್ದ. ಅವನಿಂದ ಇವರ ಮೊತ್ತಕ್ಕೆ ಬಂದದ್ದು ಸೊನ್ನೆ. ನಾಲ್ಕನೆಯ ಜಾಗ ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಸಾಹೇಬರಿಗೆ ಹೋಯಿತು. ಅಣ್ಣ ಬಿದ್ದು ಬಿದ್ದು ನಕ್ಕ. “ಸಮಾ ಬಂದ್ರೂ ಸಮಾ ಅಲ್ಲ ಅಂತಾರಲ್ಲ, ಇದೆಂಥಾ ಆಟಲೇ!” ಅಂದ. ವೈನಿ ನಗಲಿಲ್ಲ.

ಈ ವರ್ಷ ಹೊರಡುವ ಮುಂಚೆ ಅಡುಗೆಮನೆಯಲ್ಲಿ ರೊಟ್ಟಿ ಕಟ್ಟಿಕೊಳ್ಳುತ್ತ ನನಗಷ್ಟೇ ಕೇಳುವಂತೆ ಹೇಳಿದರು: “ಈ ಸಲಾನೂ ಆಗ್ಲಿಲ್ಲಂದ್ರ ಬೋರ್ಡು ತಿರುಗಿ ಅಟ್ಟದ ಮ್ಯಾಲೆ ಇಡ್ತೇನಿ ತಮ್ಮಾ. ಸಾಕು.” ವೈನಿ ಅಂದದ್ದನ್ನು ಮಾಡುವ ಪೈಕಿ. ಆದರೆ ನಾನೇನು ಮಾಡಲಿ? ನನ್ನ ಪಾಲಿನದು ಸ್ಕೂಟರ್ ಹೊಡೆಯುವುದು.

ಗಿರ್ಮಿಟ್ ಅರ್ಧಕ್ಕೆ ಬಂದಿತ್ತು, ಮೇಲಿನಿಂದ ವೈನಿ ಕೂಗಿದರು. ಹೋದೆ. ಉದ್ದನೆಯ ಹಾಲ್, ಸಾಲು ಸಾಲು ಮೇಜು, ಪ್ರತಿ ಮೇಜಿನ ಮೇಲೆ ಬೋರ್ಡು, ಗಡಿಯಾರ. ಬಾಗಿಲ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬ ಮೇಡಂ ಕೂತಿದ್ದರು. ಅವರೇ ಆರ್ಬಿಟರ್, ಅಂದರೆ ಆಟದ ಪಂಚರು. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರಂತೆ. ಧ್ವನಿಯಲ್ಲೇ ಅದು ಗೊತ್ತಾಗುತ್ತಿತ್ತು.

“ನಿಮಗ ಆಡಾಕ ಬರ್ತದೇನ್ರಿ?” ಅಂದರು ಮೇಡಂ.

“ಕಾಯಿ ಹೆಂಗ ನಡೀತಾವು ಅನ್ನೂದು ಗೊತ್ತೈತ್ರಿ. ಯಾಕ ನಡೀತಾವು ಅನ್ನೂದು ಗೊತ್ತಿಲ್ಲ” ಅಂದೆ.

“ಅಷ್ಟ ಸಾಕು. ನಲವತ್ತೊಂದು ಮಂದಿ ಆಗ್ಯಾರ. ಬೆಸ ಆತು. ಪ್ರತಿ ಸುತ್ತಿನಾಗೂ ಒಬ್ಬರಿಗೆ ಜೋಡಿ ಸಿಗಂಗಿಲ್ಲ, ಸುಮ್ನ ಕೂಡಬೇಕಾಗ್ತದ. ಅದಕ್ಕ ಬೈ ಅಂತೀವಿ. ನೀವು ಕುಂತ್ರ ಎಲ್ಲಾರಿಗೂ ಆಟ ಸಿಗ್ತದ.”

“ಸುಮ್ನ ಕುಂತಾವ್ರಿಗೆ ಏನ್ ಸಿಗ್ತದ್ರಿ?”

“ಒಂದು ಅಂಕ. ಗೆದ್ದಂಗ ಲೆಕ್ಕ.”

“ಹಂಗಾರ ಆ ಬೈ ನನಗ ಕೊಟ್ಟಬಿಡ್ರಲಾ!” ಅಂದೆ. ಮೇಡಂ ನಗಲಿಲ್ಲ, ನನ್ನ ಹೆಸರು ಟೈಪು ಮಾಡಿದರು. ವೈನಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡರು.

ಹೀಗೆ ನಾನು ನಲವತ್ತೆರಡನೆಯ ಆಟಗಾರನಾದೆ. ಖರೇ ಹೇಳಬೇಕೆಂದರೆ ಆಟಗಾರನಲ್ಲ, ಪಂಗತಿಯಲ್ಲಿ ಒಂದು ಎಲೆ ಖಾಲಿ ಉಳಿಯಬಾರದು ಅಂತ ಕರೆದು ಕೂಡಿಸಿದ ಮನುಷ್ಯ.

ಸ್ವಲ್ಪ ಹೊತ್ತಿಗೆ ಗೋಡೆಗೆ ಮೊದಲ ಸುತ್ತಿನ ಜೋಡಿಗಳ ಹಾಳೆ ಅಂಟಿಸಿದರು. ಎಲ್ಲರೂ ಮುಗಿಬಿದ್ದರು. ನಾನೂ ಬಿದ್ದೆ. ಕಟ್ಟಕಡೆಯ ಮೇಜು, ಇಪ್ಪತ್ತೊಂದನೆಯದು: ಒಂದು ಕಡೆ ವೈನಿಯವರ ಹೆಸರು, ಇನ್ನೊಂದು ಕಡೆ ನನ್ನದು.

ನನಗೆ ಸಿಟ್ಟು ಬಂತು. ಒಂದೇ ಸ್ಕೂಟರಿನಲ್ಲಿ ಬಂದವರನ್ನು ಎದುರುಬದುರು ಕೂಡಿಸುವುದೆಂದರೇನು? ಮನೆಯಲ್ಲಿ ಬೋರ್ಡ್ ಇರಲಿಲ್ಲವೆ? ಸೀದಾ ಮೇಡಂ ಹತ್ತಿರ ಹೋದೆ. “ಇದೇನ್ರಿ, ಒಂದ ಮನಿಯವರನ್ನ ಜಗಳಾಕ್ಕ ಹಚ್ಚೀರಿ? ಬದಲಿ ಮಾಡ್ರಿ.”

“ಬರಂಗಿಲ್ರಿ” ಅಂದರು. ಮೇಲೆ ಕೆಳಗೆ ಕೈಯಾಡಿಸುತ್ತ ತಿಳಿಸಿ ಹೇಳಿದರು. ರೇಟಿಂಗ್ ಪ್ರಕಾರ ಎಲ್ಲರನ್ನೂ ಒಂದರಿಂದ ನಲವತ್ತೆರಡರವರೆಗೆ ಸಾಲು ಹಚ್ಚುತ್ತಾರೆ. ಸಾಲನ್ನು ನಡುವೆ ಮುರಿಯುತ್ತಾರೆ. ಮೇಲಿನ ಅರ್ಧದ ಮೊದಲನೆಯವನಿಗೆ ಕೆಳಗಿನ ಅರ್ಧದ ಮೊದಲನೆಯವ, ಎರಡನೆಯವನಿಗೆ ಎರಡನೆಯವ, ಹೀಗೆ. ವೈನಿ ಇಪ್ಪತ್ತೊಂದನೆಯವರು, ಮೇಲಿನ ಅರ್ಧದ ಕೊನೆ. ನಾನು ನಲವತ್ತೆರಡು, ಕೆಳಗಿನ ಅರ್ಧದ ಕೊನೆ. “ಕಂಪ್ಯೂಟರಿಗೆ ಯಾರ ಮನಿ ಯಾವ್ದು ಅನ್ನೂದು ಗೊತ್ತಿರಂಗಿಲ್ಲ” ಅಂದರು. ಆಮೇಲೆ ದನಿ ತಗ್ಗಿಸಿ, “ನೀವು ಬರದಿದ್ರ ನಲವತ್ತೊಂದನೇದವಗ ಬೈ ಹೋಗ್ತಿತ್ತು. ಉಳಿದ ನಲವತ್ತನ್ನ ಮುರದ್ರ ನಿಮ್ಮ ವೈನಿ ಕೆಳಗಿನ ಅರ್ಧದಾಗ ಮೊದಲನೇದವರು ಆಗ್ತಿದ್ರು. ಅಂದ್ರ ಇಡೀ ಟೂರ್ನಮೆಂಟಿನಾಗ ನಂಬರ್ ಒಂದು ಇದ್ದಾವನ ಮುಂದ ಕೂಡಬೇಕಾಗ್ತಿತ್ತು. ವಿಚಾರ ಮಾಡ್ರಿ” ಅಂದರು.

ವಿಚಾರ ಮಾಡಿದೆ. ನಂಬರ್ ಒನ್ ಆಗಲೇ ಮೊದಲ ಮೇಜಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದ. ಅವನ ಬದಲು ನಾನು! ವೈನಿಯ ಪಾಲಿಗೆ ಲಾಟರಿ ಹೊಡೆದ ಹಾಗೆ ಅಂತ ಎದೆಯುಬ್ಬಿಸಿ ಹೋಗಿ ಕೂತೆ, ಮತ್ತು ನಾಲ್ಕು ನಿಮಿಷದಲ್ಲಿ ಸೋತೆ. ವೈನಿ ಕೈ ಕುಲುಕಿದರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕೈ ಕುಲುಕಿದ್ದು ಅದೇ ಮೊದಲು. ಇಬ್ಬರಿಗೂ ನಾಚಿಕೆಯಾಯಿತು.

ಸೋತಾಯಿತಲ್ಲ, ಹೆಲ್ಮೆಟ್ ತೆಗೆದುಕೊಂಡು ಹೊರಟೆ. ಮೇಡಂ ಬಾಗಿಲಲ್ಲೇ ಹಿಡಿದರು. “ಎಲ್ಲಿಗ್ರಿ?”

“ಸೋತೆ ಅಲ್ರಿ. ಮನಿಗೆ.”

“ಇದು ಕುಸ್ತಿ ಅಲ್ರಿ, ಸೋತಾಂವ ಮನಿಗೆ ಹೋಗಾಕ. ಇದು ಸ್ವಿಸ್ ಪದ್ಧತಿ. ಇಲ್ಲಿ ಯಾರನ್ನೂ ಹೊರಗ ಹಾಕಂಗಿಲ್ಲ. ಗೆದ್ದಾವ್ರು ಗೆದ್ದಾವ್ರ ಕೂಡ, ಸೋತಾವ್ರು ಸೋತಾವ್ರ ಕೂಡ ಆಡ್ತಾರ. ಪ್ರತಿ ಸುತ್ತಿನಾಗೂ ಸಮ ಅಂಕದಾವ್ರನ್ನ ಹುಡುಕಿ ಜೋಡಿ ಮಾಡ್ತೀವಿ. ಒಮ್ಮೆ ಆಡಿದ ಜೋಡಿ ಮತ್ತ ಬರಂಗಿಲ್ಲ. ಆರು ಸುತ್ತು ಅದಾವು. ಹೋಗಿ ಕೂಡ್ರಿ.”

ಇಡೀ ದಿನ ಸೋಲುವ ಶಿಕ್ಷೆಗೆ ಇಷ್ಟು ಚಂದದ ಹೆಸರಿದೆ ಅಂತ ನನಗೆ ಅಂದೇ ಗೊತ್ತಾದದ್ದು. ಎರಡನೆಯ ಸುತ್ತನ್ನು ಸೋತವರ ಓಣಿಯಲ್ಲಿ ಆಡಿದೆ. ಅಲ್ಲೂ ಸೋತೆ. ಮೂರನೆಯ ಸುತ್ತಿನಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಎಲ್ಲ ಕಾಯಿ ಹೊಡೆದು ರಾಜನನ್ನು ಮೂಲೆಗೆ ಅಟ್ಟಿದಳು. ನನ್ನ ಸರದಿ ಬಂತು. ನೋಡುತ್ತೇನೆ, ರಾಜನನ್ನು ಎಲ್ಲಿಟ್ಟರೂ ಹೊಡೆತ. ಬೇರೆ ಕಾಯಿ ಒಂದೂ ಇಲ್ಲ. ಆದರೆ ಈಗ ನಿಂತ ಜಾಗದಲ್ಲಿ ಯಾರೂ ಶಹ, ಅಂದರೆ ಚೆಕ್, ಕೊಟ್ಟಿಲ್ಲ. ಕೈ ಎತ್ತಿದೆ. “ಮೇಡಂ, ನನಗ ನಡಸಾಕ ಜಾಗಾನ ಇಲ್ರಿ. ಈಗೇನ್ ಮಾಡ್ಲಿ?”

ಮೇಡಂ ಬೋರ್ಡ್ ನೋಡಿ, “ಡ್ರಾ. ಅರ್ಧ ಅಂಕ” ಅಂದರು.

ಹುಡುಗಿ ಹಣೆ ಬಡಿದುಕೊಂಡಳು. ನಾನು ಎದ್ದು ನಿಂತು ಮೀಸೆ ತಿರುವಿದೆ. ಏನೂ ಮಾಡದೆ ಅರ್ಧ ಅಂಕ! ದಲಾಲಿಯಲ್ಲೂ ಇಷ್ಟು ಸಸಾರ ಕಮಾಯಿ ಇಲ್ಲ.

ಊಟದ ಹೊತ್ತಿಗೆ ವೈನಿಗೆ ಮೂರರಲ್ಲಿ ಎರಡು ಅಂಕ. ಎರಡನೆಯ ಸುತ್ತಿನಲ್ಲಿ ಒಬ್ಬ ಗಟ್ಟಿ ಆಟಗಾರನಿಗೆ ಸೋತಿದ್ದರು. ಕಿಟಕಿಯ ಹತ್ತಿರದ ಖಾಲಿ ಮೇಜಿನ ಮೇಲೆ ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ ಬಿಚ್ಚಿಕೊಂಡು ಕೂತೆವು. ನನಗೊಂದು ಭಾರೀ ಐಡಿಯಾ ಹೊಳೆದಿತ್ತು. “ವೈನಿ, ಈ ಸ್ವಿಸ್ಸಿನ ಗುಟ್ಟು ಸಿಕ್ಕಿತ್ರಿ. ಮೊದಲ ಎರಡು ಸುತ್ತು ಬೇಕಂತ ಸೋಲೂದು. ಹಗರ ಮಂದಿ ಸಿಗ್ತಾರ. ಆಮ್ಯಾಲೆ ಎಲ್ಲಾ ಗೆದ್ದು ಮ್ಯಾಲೆ ಬರೂದು!”

ಅಲ್ಲೇ ಚಹಾ ಕುಡಿಯುತ್ತಿದ್ದ ಮೇಡಂ ನಕ್ಕರು. “ಅದನ್ನ ನಿಮಗಿಂತ ಮೊದಲ ಭಾಳ ಮಂದಿ ವಿಚಾರ ಮಾಡ್ಯಾರ್ರಿ. ಅಂಕ ಸಮಾ ಬಂದಾಗ ನೀವು ಯಾರ ಕೂಡ ಆಡೀರಿ ಅನ್ನೂದು ನೋಡ್ತೀವಲ್ಲ? ಹಗರ ಮಂದಿ ಕೂಡ ಆಡಿದ್ರ ಅವರ ಅಂಕಾನೂ ಹಗರ. ನಿಮ್ಮ ಮೊತ್ತ ಕೆಳಗ ಬೀಳ್ತದ.”

ಆ ಮೊತ್ತಕ್ಕೆ ಯಾವುದೋ ಪರದೇಶದ ಹೆಸರಿದೆ. ನನ್ನ ಬಾಯಲ್ಲಿ ಅದು ಹೊರಳುವುದಿಲ್ಲ. ವೈನಿ ಅದನ್ನು ‘ಎದುರಿನವರ ಲೆಕ್ಕ’ ಅನ್ನುತ್ತಾರೆ, ನನಗದೇ ಸಾಕು.

ಆಗ ನನ್ನ ತಲೆಗೆ ಹೊಕ್ಕಿತು. ಮುರಿದ ರೊಟ್ಟಿ ಕೆಳಗಿಟ್ಟೆ. “ಅಂದ್ರ ವೈನಿ ಮೊದಲ ಸುತ್ತಿನಾಗ ಆಡಿದ್ದು ನನ್ನ ಕೂಡ. ಹೋದ ವರ್ಷದಂಗ ನಾ ಎಲ್ಲಾ ಸೋತ್ರ ಮತ್ತ ಇವರಿಗೆ ಹೊಡತಲ್ರಿ!”

“ಹೆದರಬ್ಯಾಡ್ರಿ” ಅಂದರು ಮೇಡಂ. “ಹೋದ ವರ್ಷ ಅದ ತಕರಾರು ಬಂತಂತ ಈ ಸಲ ನಿಯಮ ಬದಲಿ ಮಾಡೀವಿ. ಮೊದಲಿಗೆ, ಅಂಕ ಸಮಾ ಬಂದ ಇಬ್ಬರ ನಡುವಿನ ಆಟ ನೋಡ್ತೀವಿ. ಅದೂ ಸಮಾ ಆದ್ರ, ಎದುರಾಳಿಗಳ ಪೈಕಿ ಎಲ್ಲಾರಕಿಂತ ಕಡಿಮಿ ಅಂಕ ಮಾಡಿದಾವನ್ನ ಬಿಟ್ಟು ಉಳಿದಾವ್ರದಷ್ಟ ಕೂಡಸ್ತೀವಿ. ಅಂದ್ರ ನಿಮ್ಮನ್ನ ಕತ್ತರಿಸಿ ಒಗೀತೀವಿ.”

“ದೊಡ್ಡ ಉಪಕಾರ ಆತ್ರಿ” ಅಂದೆ. ಮನಸ್ಸಿಗೆ ಹಾಯೆನಿಸಿತು. ನಾನು ಲೆಕ್ಕಕ್ಕಿಲ್ಲ ಅಂತ ಕೇಳಿ ಇಷ್ಟು ಖುಷಿಯಾದದ್ದು ಜೀವನದಲ್ಲಿ ಅದೊಂದೇ ಸಲ. “ಹಂಗಾರ ನಾ ಇನ್ನ ಸುಮ್ನ ಕಾಯಿ ಸರಿಸಿ ಸರಿಸಿ ಎದ್ದು ಬರ್ತೇನಿ.”

ವೈನಿ ಮುಖ ಗಂಟಿಕ್ಕಿದರು. “ಹಂಗ್ಯಾಕ ಅಂತೀ? ನಿನ್ನ ಮುಂದ ಕುಂತಾವ್ರೂ ಆಡಾಕ ಬಂದಾರ. ನೀ ನೆಟ್ಟಗ ಆಡು.” ಕೈ ತೊಳೆದು ಬಂದು ಬೋರ್ಡಿನ ಮೇಲೆ ಎರಡು ಆನೆ, ಒಂದು ರಾಜ ಇಟ್ಟರು. “ಇದೊಂದು ಕಲಕೋ. ಒಂದ ಆನಿ ಒಂದ ಸಾಲು ಬಂದ್ ಮಾಡ್ತದ, ಇನ್ನೊಂದು ಮುಂದಿನ ಸಾಲಿನಾಗ ಶಹ ಕೊಡ್ತದ. ರಾಜ ಒಂದು ಸಾಲು ಹಿಂದ ಸರೀತಾನ. ಆಮ್ಯಾಲೆ ಮೊದಲನೇ ಆನಿ ಶಹ ಕೊಡ್ತದ. ಹಂಗ ಮೆಟ್ಟಲಾ ಹತ್ತಿಸಿದಂಗ ಹತ್ತಿಸಿ ಗ್ವಾಡಿಗೆ ಹಚ್ಚೂದು.” ನನ್ನ ಕೈಯಿಂದಲೇ ಮೂರು ನಾಲ್ಕು ಸಲ ಮಾಡಿಸಿದರು. ಸಣ್ಣವನಿದ್ದಾಗ ಮಗ್ಗಿ ಹೇಳಿಸಿದ್ದೂ ಅವರೇ. ತಪ್ಪಿದರೆ ತಲೆಗೆ ಮೊಟಕುವ ರೂಢಿ ಆಗಲೂ ಇತ್ತು, ಈಗಲೂ ಬಿಟ್ಟಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ವೈನಿಗೆ ಸಿಕ್ಕವರು ಯಾರು? ಧಾರವಾಡದ ಅದೇ ಬ್ಯಾಂಕ್ ಸಾಹೇಬರು. ಇಸ್ತ್ರಿ ಅಂಗಿ, ಪಕ್ಕದಲ್ಲಿ ಚಹಾದ ಥರ್ಮಾಸ್, ಯೋಚನೆ ಬಂದಾಗಲೆಲ್ಲ ಅದರ ಮುಚ್ಚಳ ತಿರುಗಿಸುವ ಚಟ. ಅವರಿಗೂ ಎರಡು ಅಂಕವಿತ್ತು, ಅದಕ್ಕೇ ಜೋಡಿ ಬಿತ್ತು. ಬಹಳ ಹೊತ್ತು ಆಡಿದರು. ಡ್ರಾ ಆಯಿತು. ಆಮೇಲೆ ಐದನೆಯ ಸುತ್ತನ್ನು ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಗೆದ್ದರು. ನಾನು ನಾಲ್ಕೂ ಐದೂ ಸೋತು ನನ್ನ ಅರ್ಧ ಅಂಕ ಕಾಪಾಡಿಕೊಂಡು ಬಂದೆ.

ಕೊನೆಯ ಸುತ್ತು. ವೈನಿ ಮೇಲಿನ ಮೇಜುಗಳಲ್ಲಿ, ಗೆದ್ದರೆ ನಾಲ್ಕೂವರೆ. ನಾನು ಕಟ್ಟಕಡೆಯ ಮೇಜಿನಲ್ಲಿ. ನನ್ನ ಎದುರಿಗೆ ಅಮ್ಮಿನಬಾವಿ ಹಳ್ಳಿಯ ಒಬ್ಬ ಅಜ್ಜ. ಧೋತರ, ಪಟಗ, ಬೆರಳಿಗೆ ಬೆಳ್ಳಿ ಉಂಗುರ. ಕಡಲೆ ರಾಶಿ ಮುಗಿಸಿ ಬಂದಿದ್ದೇನೆ ಅಂದರು. ಅವರಿಗೂ ಅರ್ಧವೇ ಅಂಕ. “ಮುಂಜಾನಿ ಮೊದಲ ಆಟನ ಆ ಥರ್ಮಾಸ್ ಸಾಹೇಬ್ರ ಕೂಡ ಬಿತ್ತು ನೋಡ್ರಿ. ಅಲ್ಲಿಂದ ಸುರು ಆತು ನಮ್ಮ ಸಾಡೇಸಾತಿ” ಅಂತ ನಕ್ಕರು.

ಅಜ್ಜ ಕಾಯಿಗಳನ್ನು ಬೀಜ ಬಿತ್ತುವ ಹಾಗೆ ಭರಭರ ಇಡುತ್ತಿದ್ದರು. ನಾನೂ ಇಟ್ಟೆ. ಸ್ವಲ್ಪ ಹೊತ್ತಿಗೆ ಒಂದು ಕಾಯಿ ನಡೆಸಿ, ಗಡಿಯಾರ ನೋಡಿ ಅಂದರು: “ಡ್ರಾ ಮಾಡೂಣೇನ್ರಿ? ನನಗ ಬಸ್ ಐತಿ.”

ಖರೇ ಹೇಳುತ್ತೇನೆ, ನಾನು ಹೂಂ ಅನ್ನುವವನೇ ಇದ್ದೆ. ಕೆಳಗೆ ಮಿರ್ಚಿ ಭಜಿ ಕರಿಯುವ ವಾಸನೆ ಮೇಲೆ ಬರುತ್ತಿತ್ತು. ಆದರೆ ಅಜ್ಜ ಅಷ್ಟಕ್ಕೇ ಸುಮ್ಮನಾಗಲಿಲ್ಲ. “ನೀವೂ ಏನು ಆಡಾಕ ಬಂದಾವ್ರಲ್ಲಲ್ಲ, ಜಾಗಾ ತುಂಬಾಕ ಬಂದಾವ್ರು. ನಿಮಗ್ಯಾಕ ತ್ರಾಸು?” ಅಂದುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ನನಗೆ ಏನು ಬೇಕಾದರೂ ಅಂದುಕೊಳ್ಳಬಹುದು, ಇನ್ನೊಬ್ಬರು ಅನ್ನುವುದೆಂದರೇನು? ಬೆಳಗಿನಿಂದ ಕೂತು ಕೂತು ಸೊಂಟ ಬಿದ್ದುಹೋಗಿದೆ, ಮೇಲೆ ಇದು! “ಡ್ರಾ ಇಲ್ರಿ ಅಜ್ಜಾರ. ಆಡ್ರಿ” ಅಂದೆ. ದನಿ ಜೋರಾಯಿತೇನೋ, ಮೇಡಂ ಬಂದು ತುಟಿಯ ಮೇಲೆ ಬೆರಳಿಟ್ಟು ಹೋದರು.

ಅಜ್ಜ ಅವಸರ ಮಾಡಿದರು. ಅವಸರದಲ್ಲಿ ಅವರ ವಜೀರ, ನಮ್ಮ ಕಡೆ ರಾಣಿಗೆ ಹಾಗನ್ನುತ್ತೇವೆ, ನನ್ನ ಕುದುರೆಯ ಬಾಯಿಗೆ ಬಂದು ನಿಂತಿತು. ನನಗೆ ಕುದುರೆ ನಡೆಯುವುದು ಸರಿಯಾಗಿ ಕಾಣುವುದೇ ಅಪರೂಪ. ಆ ದಿನ ಕಂಡಿತು. ಹೊಡೆದೆ. ಆಮೇಲೆ ಅಜ್ಜನಿಗೆ ಬೆವರು ಕಿತ್ತುಬಂತು. ಕಾಯಿ ಕಾಯಿ ಬಡಿದಾಡಿ ಕೊನೆಗೆ ಅವರ ಬಳಿ ಒಂಟಿ ರಾಜ, ನನ್ನ ಬಳಿ ರಾಜ, ಒಂದು ಆನೆ, ಒಂದು ಪ್ಯಾದೆ, ಅಂದರೆ ಕಾಲಾಳು. ಪ್ಯಾದೆಯನ್ನು ನೂಕಿ ನೂಕಿ ಕೊನೆಯ ಮನೆಗೆ ಮುಟ್ಟಿಸಿದೆ. ಮುಟ್ಟಿದ ಪ್ಯಾದೆಗೆ ಬಡ್ತಿ. ಲೋಕವೆಲ್ಲ ವಜೀರ ಮಾಡಿಕೊಳ್ಳುತ್ತದೆ.

ನಾನು ಕೈ ಚಾಚಿದೆ, ನಿಂತೆ. ಆ ಕಾಲೇಜು ಹುಡುಗಿ ವಜೀರ ಇಟ್ಟುಕೊಂಡೇ ಅಲ್ಲವೇ ನನಗೆ ಅರ್ಧ ಅಂಕ ದಾನ ಮಾಡಿದ್ದು? ವಜೀರನ ಕೈಯಲ್ಲಿ ಏನೇನು ಮಾಡಿಸಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟದ್ದು ಎರಡು ಆನೆ. ಹೊಡೆತ ತಿಂದು ಬದಿಗೆ ಬಿದ್ದಿದ್ದ ನನ್ನ ಇನ್ನೊಂದು ಆನೆಯನ್ನು ಎತ್ತಿ ಇಟ್ಟೆ.

ಅಜ್ಜ ಕಣ್ಣು ಕಣ್ಣು ಬಿಟ್ಟರು. “ವಜೀರ ತಗೋರಿ ಮಾರಾಯ್ರ! ಆನಿ ಯಾಕ?”

“ನನಗ ಆನಿನ ಬೇಕ್ರಿ” ಅಂದೆ. ಒಂದು ಸಾಲು ಬಂದ್, ಮುಂದಿನ ಸಾಲಿಗೆ ಶಹ. ಮೆಟ್ಟಿಲು, ಮತ್ತೊಂದು ಮೆಟ್ಟಿಲು. ಒಂದು ಕಡೆ ತಪ್ಪುವವನಿದ್ದೆ, ತಲೆಗೆ ಮೊಟಕಿದ ನೆನಪಾಗಿ ಸರಿಮಾಡಿಕೊಂಡೆ. ಅಜ್ಜನ ರಾಜ ಗೋಡೆಗೆ ಹತ್ತಿತು. ಗೆದ್ದೆ! ನನ್ನ ಐವತ್ತು ವರ್ಷದ ಬಾಳಿನಲ್ಲಿ ಚೆಸ್ಸಿನಲ್ಲಿ ಮೊದಲ ಗೆಲುವು. ಅಜ್ಜ ದೊಡ್ಡ ಮನಸ್ಸಿನವರು, ಬೆನ್ನು ತಟ್ಟಿದರು. “ಬಸ್ಸೂ ಹೋತು, ಆಟಾನೂ ಹೋತು. ಒಂದ್ ಚಹಾನರ ಕುಡಸ್ರಿ” ಅಂದರು. ಕುಡಿಸಿದೆ, ಭಜಿಯನ್ನೂ ತಿನ್ನಿಸಿದೆ.

ಮೇಲೆ ಬಂದಾಗ ಲ್ಯಾಪ್‌ಟಾಪಿನ ಸುತ್ತ ಗುಂಪು. ವೈನಿ ಗೆದ್ದಿದ್ದರು. ಬ್ಯಾಂಕ್ ಸಾಹೇಬರೂ ಗೆದ್ದಿದ್ದರು. ಮೊದಲ ಮೂವರು ಐದೋ ಐದೂವರೆಯೋ ಮಾಡಿ ಕೈಗೆ ಸಿಗದಷ್ಟು ಮುಂದೆ ಇದ್ದರು. ನಾಲ್ಕೂವರೆಯಲ್ಲಿ ಇಬ್ಬರೇ. ನಾಲ್ಕನೆಯ ಜಾಗ ಒಂದೇ. ಹೋದ ವರ್ಷದ್ದೇ ಕತೆ! ವೈನಿ ಗೋಡೆಗೆ ಒರಗಿ ನಿಂತಿದ್ದರು, ರೊಟ್ಟಿಯ ಗಂಟನ್ನು ಎದೆಗೆ ಅವುಚಿಕೊಂಡು. ಅವರ ಮುಖ ನೋಡಿದರೆ ಬೋರ್ಡು ಆಗಲೇ ಅಟ್ಟ ಹತ್ತಿದ ಹಾಗಿತ್ತು.

“ಇಬ್ಬರ ನಡುವಿನ ಆಟ ಡ್ರಾ” ಅಂದರು ಮೇಡಂ ಜೋರಾಗಿ. “ಅಲ್ಲಿ ಬಗಿಹರೀಲಿಲ್ಲ. ಇನ್ನ ಎದುರಾಳಿಗಳ ಮೊತ್ತ, ಕಡಿಮಿ ಅಂಕದಾವನ್ನ ಬಿಟ್ಟು.” ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಸಾಹೇಬ್ರದು ಹದಿನೆಂಟು. ವೈನಿಯವರದೂ… ಹದಿನೆಂಟು.”

ಇಡೀ ಹಾಲ್ ಹೋ ಅಂದಿತು. ಥರ್ಮಾಸಿನ ಮುಚ್ಚಳ ಕಿರ್ ಅಂತ ತಿರುಗಿತು.

“ಹಂಗಾರ ಮುಂದಿಂದು” ಅಂದರು ಮೇಡಂ. “ಯಾರನ್ನೂ ಬಿಡಲಾರದ ಪೂರ್ತಿ ಮೊತ್ತ.” ಅಂದವರೇ ನಿಧಾನಕ್ಕೆ ತಲೆಯೆತ್ತಿ ಗುಂಪಿನಲ್ಲಿ ಯಾರನ್ನೋ ಹುಡುಕಿದರು. ಆ ಕಣ್ಣು ಬಂದು ನನ್ನ ಮೇಲೆ ನಿಂತಿತು. ಭಜಿಯ ಎಣ್ಣೆ ಕೈ ಅಂಗಿಗೆ ಒರೆಸಿಕೊಂಡೆ.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬಿಟ್ಟು ಕೂಡಿಸಿದಾಗ ಇಬ್ಬರದೂ ಸಮ. ಅಂದರೆ ಈಗ ಬಿಟ್ಟಿದ್ದವರನ್ನು ತಿರುಗಿ ಸೇರಿಸಬೇಕು, ಅವರಿಂದಲೇ ತೀರ್ಮಾನ. ವೈನಿಯ ಕಡೆ ಕತ್ತರಿಸಿ ಒಗೆದಿದ್ದವನು ನಾನು. ಸಾಹೇಬರ ಕಡೆ ಒಗೆದಿದ್ದವರು ಅಮ್ಮಿನಬಾವಿಯ ಅಜ್ಜ. ಎಲ್ಲರೂ ಮೊದಲ ಮೇಜು ನೋಡುತ್ತ ನಿಂತಿದ್ದಾಗ ನಾಲ್ಕನೆಯ ಜಾಗದ ತೀರ್ಪು ಕೊನೆಯ ಮೇಜಿನಲ್ಲಿ ಆಗಿಹೋಗಿತ್ತು, ಆಡಿದ ನಮ್ಮಿಬ್ಬರಿಗೂ ಗೊತ್ತಾಗದ ಹಾಗೆ.

“ಅಜ್ಜಾರದು ಅರ್ಧ. ಸಾಹೇಬ್ರ ಪೂರ್ತಿ ಮೊತ್ತ ಹದಿನೆಂಟೂವರೆ” ಅಂದ ಮೇಡಂ ನನ್ನ ಕಡೆ ಬೆರಳು ಮಾಡಿದರು. “ಇವರದು ಒಂದೂವರೆ. ವೈನಿಯವರದು ಹತ್ತೊಂಬತ್ತೂವರೆ. ನಾಲ್ಕನೇ ಜಾಗ ವೈನಿಯವರಿಗೆ.”

ಸಾಹೇಬರು ಥರ್ಮಾಸ್ ಕೆಳಗಿಟ್ಟರು. ಸಭ್ಯ ಮನುಷ್ಯ, ಆದರೆ ಹೊಟ್ಟೆಯುರಿ ಯಾರನ್ನು ಬಿಟ್ಟಿದೆ? “ಮೇಡಂ, ತಪ್ಪು ತಿಳೀಬ್ಯಾಡ್ರಿ. ಇವರಿಬ್ಬರೂ ಒಂದ ಮನಿಯವ್ರು. ವೈನಿಗೆ ಅನುಕೂಲ ಆಗ್ಲಿ ಅಂತ ಇವ್ರು ಆ ಅಜ್ಜಾರ ಕೂಡ ಏನಾರ ಮಾತಾಡಿಕೊಂಡಿದ್ರ? ನೋಡಬೇಕಾಗ್ತದಲ್ಲ.”

“ಅನುಕೂಲ ಮಾಡಾಕ ನನಗ ಬರ್ತಿದ್ರ ಮುಂಜಾನಿಂದ ನಾಕ ಸಲ ಯಾಕ ಸೋಲ್ತಿದ್ನಿರಿ ಸಾಹೇಬ್ರ? ನನಗ ಈ ಲೆಕ್ಕ ತಿಳಿದಿದ್ದ ಈಗ!” ಅಂತ ಕೂಗಿದೆ. ಇನ್ನೇನೋ ಅನ್ನುವವನಿದ್ದೆ, ವೈನಿ ಅಂಗಿ ತೋಳು ಹಿಡಿದು ಜಗ್ಗಿದರು.

ಅಷ್ಟರಲ್ಲಿ ಹಿಂದಿನಿಂದ ಅಜ್ಜ ಬಂದರು. ಬಸ್ಸು ತಪ್ಪಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಏನ್ ಮಾತಾಡ್ಕೊಳ್ಳೂದ್ರಿ? ನಾ ಡ್ರಾ ಕೊಡ್ತೇನಿ ಅಂದೆ, ಇಂವ ಒಲ್ಲೆ ಅಂತ ಮೈಮ್ಯಾಲೆ ಬಂದ. ವಜೀರ ತಗೋ ಅಂದೆ, ಆನಿ ತಗೊಂಡ. ಹಿಂತಾ ಹುಂಬನ ಕೂಡ ಯಾರ ಮಾತಾಡ್ಕೊಳ್ತಾರ?”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ. “ಡ್ರಾ ಇಲ್ರಿ ಅಂತ ಇವ್ರು ಒದರಿದ್ದನ್ನ ನಾನ ಕೇಳೇನಿ” ಅಂದರು. ಸಾಹೇಬರು ಅಜ್ಜನನ್ನು, ನನ್ನನ್ನು, ತಮ್ಮ ಥರ್ಮಾಸನ್ನು ನೋಡಿದರು. ಆಮೇಲೆ ಅವರಿಗೂ ನಗು ಬಂತು. “ಡ್ರಾ ಆಗಿದ್ರ ಇದೂ ಸಮಾ ಆಗ್ತಿತ್ತು, ಇನ್ನೊಂದು ನಿಯಮ ಹುಡುಕಬೇಕಾಗ್ತಿತ್ತು. ನನ್ನ ನಸೀಬು ಒಂದು ಬಸ್ಸಿನ ಕೈಯಾಗ ಇತ್ತು ನೋಡ್ರಿ” ಅನ್ನುತ್ತ ವೈನಿಗೆ ಕೈ ಮುಗಿದರು. “ಛಲೋ ಆಡಿದ್ರಿ ಅಕ್ಕಾರ. ರಾಜ್ಯದಾಗೂ ಹಿಂಗ ಆಡ್ರಿ.” ಹೋಗುವಾಗ ಅಜ್ಜನನ್ನು ತಮ್ಮ ಕಾರಿನಲ್ಲಿ ಧಾರವಾಡದವರೆಗೆ ಕರೆದುಕೊಂಡು ಹೋದರು, ಅಲ್ಲಿಂದ ಅಮ್ಮಿನಬಾವಿಗೆ ಇನ್ನೂ ಬಸ್ಸಿದ್ದವು.

ವಾಪಸು ಬರುವಾಗ ವೈನಿ ಸ್ಕೂಟರಿನ ಹಿಂದೆ ಕೂತಿದ್ದರು. ನಾನೊಬ್ಬನೇ ಬಡಬಡಿಸುತ್ತಿದ್ದೆ: ಆನೆ ಇಟ್ಟದ್ದು, ಅಜ್ಜನ ಮುಖ, ಸಾಹೇಬರ ಮುಚ್ಚಳ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಅವರ ದನಿ ಬಂತು.

“ತಮ್ಮಾ, ಮುಂಜಾನಿ ನಿನ್ನ ಸೋಲಿಸಿದಾಗ ನನಗ ಖುಷಿ ಆಗಿರಲಿಲ್ಲ. ಇದೇನ್ ಗೆಲುವು, ಮನ್ಯಾಗಿನವನ್ನ ಹೊಡದದ್ದು ಅಂತ ಅನಸಿತ್ತು. ಹೋದ ವರ್ಷದಂಗ ಇದೂ ಪುಗಸಟ್ಟೆ ಅಂಕ ಅಂದ್ಕೊಂಡಿದ್ದೆ.” ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. “ನೀ ಸೋತದ್ದಕ್ಕ ನನಗ ಅಂಕ ಬಂತು. ನೀ ಎದ್ದು ಹೋಗಲಾರದ ಕುಂತು ಗೆದ್ದದ್ದಕ್ಕ ಆ ಅಂಕಕ್ಕ ಕಿಮ್ಮತ್ತು ಬಂತು.”

ಹೆಲ್ಮೆಟ್ ಹಾಕಿಕೊಂಡಿದ್ದೆನಲ್ಲ, ನನ್ನ ಮುಖ ಯಾರಿಗೂ ಕಾಣಲಿಲ್ಲ, ಅದೊಂದು ಬರೋಬರಿಯಾಯಿತು. ಹಿಂದಿನವರು ಹಾರ್ನ್ ಹೊಡೆದರು, ಗಾಡಿ ಬಿಟ್ಟೆ.

ಮನೆಯಲ್ಲಿ ಅಣ್ಣ ಜೋಕಾಲಿಯ ಮೇಲೆ ಕೂತು ಕಾಯುತ್ತಿದ್ದ. ನಮ್ಮಿಬ್ಬರನ್ನೂ ಕಂಡವನೇ, “ಏನಾತು? ಮತ್ತ ಸಮಾನೇನು?” ಅಂತ ಚಾಳಿಸಿದ.

“ಸಮಾನ ಆತ್ರಿ” ಅಂದರು ವೈನಿ, ಚಪ್ಪಲಿ ಬಿಡುತ್ತ. “ಆದ್ರ ಈ ಸಲ ನನ್ನ ಕಡೆ ಸೋತಾಂವ ಛಲೋ ಇದ್ದ.”

ಅಣ್ಣನಿಗೆ ಏನೂ ತಿಳಿಯಲಿಲ್ಲ. ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ, ಅಟ್ಟದ ಏಣಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟು ಬಂದೆ.